ಹುಲಿಯ ಹೆಜ್ಜೆಗೆ ನಾಲ್ಕು ಆವರ್ತ

ಅಷ್ಟಮಿ ಹತ್ತಿರ ಬಂತೆಂದರೆ ನಮ್ಮ ಉದ್ಯಾವರ, ಕಟಪಾಡಿ, ಕಾಪು ಕಡೆಯ ಹುಲಿವೇಷದ ಹುಡುಗರಿಗೆ ಬಣ್ಣದವರನ್ನು, ತಾಸೆಯವರನ್ನು, ಡೋಲಿನವರನ್ನು ಗೊತ್ತು ಮಾಡುವ ಗಡಿಬಿಡಿ. ಈಗೀಗ ಅದರ ಜೊತೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ವೇದಿಕೆ ಮೇಲೆ ಕುಣಿಯುವಾಗ, ಟ್ಯಾಬ್ಲೋದ ಹಿಂದೆ ಹೋಗುವಾಗ ಹಾಕಲಿಕ್ಕೆ ಒಂದು ‘ಟ್ರ್ಯಾಕ್’ ಬೇಕು. ಅದನ್ನು ಮಾಡುವವನು ಸಾಮಾನ್ಯವಾಗಿ ಮಣಿಪಾಲದಲ್ಲೋ ಉಡುಪಿಯಲ್ಲೋ ಓದುತ್ತಿರುವ, ಲ್ಯಾಪ್‌ಟಾಪ್ ಇರುವ ಒಬ್ಬ ಹುಡುಗ. ಅವನಿಗೆ ಸಿಗುವ ಆದೇಶ ಒಂದೇ ಮಾತಿನದು: ಜೋರು ಇರಬೇಕು ಮಾರಾಯ, ಕೇಳಿದ ಕೂಡಲೇ ಕಾಲು ಏಳಬೇಕು.

ಹುಡುಗ ಮೊದಲು ಮಾಡುವ ಕೆಲಸ ವೇಗ ಏರಿಸುವುದು. ನಿಮಿಷಕ್ಕೆ 150 ಬೀಟ್, ಸಾಲದಿದ್ದರೆ 160. ಕಂಪ್ಯೂಟರಿನ ಭಾಷೆಯಲ್ಲಿ ಇದನ್ನು ಬಿಪಿಎಂ ಎನ್ನುತ್ತಾರೆ. ಕಿವಿಗೆ ಅದು ಜೋರಾಗಿಯೇ ಕೇಳುತ್ತದೆ. ಆದರೆ ಹುಲಿ ಕುಣಿಯಲಿಕ್ಕೆ ನಿಂತಾಗ ಕುಣಿತ ಯಾಕೋ ಸಣ್ಣದಾಗುತ್ತದೆ. ಎಗರಬೇಕಾದವನು ನಿಂತಲ್ಲೇ ಕುಟ್ಟುತ್ತಾನೆ. ಇದಕ್ಕೆ ಕಾರಣ ಸಂಗೀತದಲ್ಲಿಲ್ಲ, ಹೈಸ್ಕೂಲಿನ ಭೌತಶಾಸ್ತ್ರದಲ್ಲಿದೆ.

ಮನುಷ್ಯ ಜಿಗಿದಾಗ ಎಷ್ಟು ಎತ್ತರ ಹೋಗುತ್ತಾನೆ ಎಂಬುದು ಅವನು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತಾನೆ ಎಂಬುದರ ಮೇಲೆ ನಿಂತಿದೆ. ಆ ಹೊತ್ತು ಅರ್ಧವಾದರೆ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರತಿ ಬೀಟಿಗೆ ಒಂದು ಜಿಗಿತ ಎಂದು ಇಟ್ಟುಕೊಳ್ಳಿ. ಕಾಲು ನೆಲ ಮುಟ್ಟಿ, ಮಡಚಿ, ಮತ್ತೆ ಒದ್ದು ಏಳಲಿಕ್ಕೆ ಅಂದಾಜು 150 ಮಿಲಿಸೆಕೆಂಡು ಬೇಕು ಎಂದುಕೊಳ್ಳೋಣ. ಉಳಿದದ್ದೆಲ್ಲ ಗಾಳಿಯ ಹೊತ್ತು. ನಿಮಿಷಕ್ಕೆ 110 ಬೀಟಿನಲ್ಲಿ ಒಂದು ಬೀಟು 545 ಮಿಲಿಸೆಕೆಂಡಿನದು, ಜಿಗಿತ ಸುಮಾರು 19 ಸೆಂಟಿಮೀಟರ್. 132ಕ್ಕೆ ಬಂದರೆ 11 ಸೆಂಟಿಮೀಟರ್. 160ಕ್ಕೆ ಹೋದರೆ ಆರೇ ಸೆಂಟಿಮೀಟರ್. ಅಂದರೆ ವೇಗ ಏರಿಸಿದಷ್ಟೂ ನೀವು ಹುಲಿಯನ್ನು ನೆಲಕ್ಕೆ ಒತ್ತುತ್ತಿದ್ದೀರಿ. ಹಾಗೆಂದು 110ಕ್ಕೆ ಇಳಿಸಿದರೆ ಎತ್ತರ ಸಿಗುತ್ತದೆ, ಆದರೆ ಪ್ರತಿ ಬೀಟಿಗೂ ಅಷ್ಟೆತ್ತರ ಎಗರುತ್ತ ಇದ್ದರೆ ಐದು ನಿಮಿಷಕ್ಕೆ ತೊಡೆ ಸೋಲುತ್ತದೆ. ಮೈಗೆಲ್ಲ ಪೈಂಟು, ತಲೆಗೆ ಹುಲಿ ಮುಖ, ಮೇಲೆ ಬಿಸಿಲು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆದ್ದರಿಂದ ವೇಗವನ್ನು ಲ್ಯಾಪ್‌ಟಾಪಿನ ಮುಂದೆ ಕೂತು ಆರಿಸಬಾರದು, ಕುಣಿಯುವವನ ಕಾಲಿನಿಂದ ಆರಿಸಬೇಕು. ತಂಡದ ಹಳೆಯ ವಿಡಿಯೋ ಯಾರದಾದರೂ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ತಾಸೆ ಕೇಳದ ಹಾಗೆ ಶಬ್ದ ಬಂದ್ ಮಾಡಿ, ಕಾಲು ನೆಲಕ್ಕೆ ಬೀಳುವುದನ್ನು ಮಾತ್ರ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 33 ಸಲ ಬಿದ್ದರೆ 132. ಈ ಬರಹಕ್ಕೆ ಆ 132ನ್ನೇ ಹಿಡಿದುಕೊಳ್ಳುತ್ತೇನೆ. ನಿಮ್ಮ ತಂಡದ್ದು 126 ಇರಬಹುದು, 138 ಇರಬಹುದು. ಲೆಕ್ಕದ ದಾರಿ ಒಂದೇ. ಒಂದು ಎಚ್ಚರಿಕೆ ಮಾತ್ರ: ವೇಗವನ್ನು ತಾನಾಗಿ ಹುಡುಕಿಕೊಡುವ ಆ್ಯಪುಗಳು 132ರ ಬದಲಿಗೆ 66 ಎಂದೋ 264 ಎಂದೋ ತೋರಿಸುವುದುಂಟು. ಅವು ಪೆಟ್ಟಿನ ಅಂತರವನ್ನು ಕೇಳಿಸಿಕೊಳ್ಳುತ್ತವೆಯೇ ಹೊರತು ಕಾಲನ್ನು ನೋಡುವುದಿಲ್ಲ.

ವೇಗ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ. ಇದನ್ನು ಬಿಟ್ಟು ಮುಂದೆ ಹೋದವರ ಟ್ರ್ಯಾಕು ಎಷ್ಟು ತಿದ್ದಿದರೂ ಸರಿಯಾಗುವುದಿಲ್ಲ. ತಂಡದ ತಾಸೆಯ ಪೆಟ್ಟು ಮೂರರ ನಡೆಯದೋ ನಾಲ್ಕರ ನಡೆಯದೋ? ಕಂಡುಹಿಡಿಯುವುದು ಸುಲಭ. ಹುಲಿಯ ಒಂದೊಂದು ಹೆಜ್ಜೆಗೆ ಬಾಯಲ್ಲಿ ‘ತಕಿಟ’ ಎಂದು ಹೇಳಿ ನೋಡಿ, ಮತ್ತೆ ‘ತಕದಿಮಿ’ ಎಂದು ಹೇಳಿ ನೋಡಿ. ಯಾವುದು ತಾಸೆಯ ಸಣ್ಣ ಪೆಟ್ಟುಗಳ ಮೇಲೆ ಸರಿಯಾಗಿ ಕೂರುತ್ತದೋ ಅದೇ ನಡೆ. ತಂಡದಿಂದ ತಂಡಕ್ಕೆ ಇದು ಬೇರೆ. ಒಂದೇ ತಂಡದಲ್ಲಿ ಕುಣಿತ ಬದಲಾದಾಗ ಪೆಟ್ಟು ಬದಲಾಗುವುದೂ ಇದೆ.

ಇದು ಯಾಕೆ ಮುಖ್ಯವೆಂದರೆ, ಕಂಪ್ಯೂಟರಿನ ಡ್ರಮ್ ಪರದೆ ಹುಟ್ಟುವಾಗಲೇ ನಾಲ್ಕರ ಲೆಕ್ಕದಲ್ಲಿ ಹುಟ್ಟಿದೆ. ಜಪಾನಿನ ರೋಲಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಡ್ರಮ್ ಯಂತ್ರದ ಮುಂಭಾಗದಲ್ಲಿ ಸಾಲಾಗಿ 16 ಗುಂಡಿಗಳಿದ್ದವು. ನಾಲ್ಕು ಬೀಟು, ಬೀಟಿಗೆ ನಾಲ್ಕು ಮನೆ. ನಾಲ್ಕು ನಾಲ್ಕಕ್ಕೆ ಬಣ್ಣ ಕೂಡ ಬೇರೆ ಬೇರೆ. ಇದೇ ಯಂತ್ರವನ್ನು ಇಟ್ಟುಕೊಂಡು ಮುಂಬೈಯ ಸ್ಟುಡಿಯೋ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳನ್ನು ಡಿಸ್ಕೋ ಪೆಟ್ಟಿಗೆ ನುಡಿಸಿ ರೆಕಾರ್ಡು ತಂದರು. ಆಗ ಯಾರೂ ಕೇಳಲಿಲ್ಲ. ಸುಮಾರು ಮೂರು ದಶಕದ ಮೇಲೆ ಹೊರದೇಶದವರು ಅದನ್ನು ಹುಡುಕಿ ಮರುಮುದ್ರಿಸಿದಾಗ ನಮಗೂ ಗೊತ್ತಾಯಿತು. ಇಂದಿನ ಯಾವ ಸಾಫ್ಟ್‌ವೇರ್ ತೆರೆದರೂ, ಮೊಬೈಲಿನ ಪುಕ್ಕಟೆ ಆ್ಯಪ್ ಆದರೂ, ಡ್ರಮ್ಮಿಗೆ ಬರುವುದು ಹೆಚ್ಚಾಗಿ ಆ 16 ಮನೆಗಳೇ.

ಈಗ ಮೂರರ ನಡೆಯ ತಾಸೆಯನ್ನು ಮೈಕಿನಲ್ಲಿ ಹಿಡಿದು, ಆ 16 ಮನೆಗಳಿಗೆ ‘ಕ್ವಾಂಟೈಸ್’ ಗುಂಡಿ ಒತ್ತಿ ನೇರ ಮಾಡಿದರೆ ಏನಾಗುತ್ತದೆ? 132ರಲ್ಲಿ ನಾಲ್ಕರ ಒಂದು ಮನೆ 113.6 ಮಿಲಿಸೆಕೆಂಡು, ಮೂರರ ಒಂದು ಮನೆ 151.5. ‘ತಕಿಟ’ದ ‘ಕಿ’ 38 ಮಿಲಿಸೆಕೆಂಡು ಮುಂಚೆ ಬಂದುಬಿಡುತ್ತದೆ, ‘ಟ’ 38 ಮಿಲಿಸೆಕೆಂಡು ತಡವಾಗುತ್ತದೆ. ಪರದೆಯ ಮೇಲೆ ಎಲ್ಲ ಗೆರೆಗೆ ಸರಿಯಾಗಿ ಕೂತಿರುತ್ತದೆ, ನೋಡಲಿಕ್ಕೆ ಚೆಂದ. ಕೇಳಿದರೆ ತಾಸೆ ಕುಂಟುತ್ತದೆ. ತಾಸೆಯವರು ಅದನ್ನು ಕೇಳಿ ಇದು ನಮ್ಮ ಪೆಟ್ಟೇ ಅಲ್ಲ ಎಂದರೆ ಅವರ ಮಾತು ಅಕ್ಷರಶಃ ಸತ್ಯ. ನಡೆ ಮೂರರದ್ದಾದರೆ ಆವರ್ತಕ್ಕೆ 12 ಮನೆ ಇಟ್ಟುಕೊಳ್ಳಿ; ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಗ್ರಿಡ್ ಬದಲಾಯಿಸುವಲ್ಲಿ ಟ್ರಿಪ್ಲೆಟ್ ಎಂಬ ಆಯ್ಕೆ ಇರುತ್ತದೆ.

ಇಲ್ಲಿ ನಾನು ನಾಲ್ಕರ ನಡೆಯನ್ನೇ ಇಟ್ಟುಕೊಂಡು ಒಂದು ಮಾದರಿ ಕಟ್ಟುತ್ತೇನೆ. ಆದರೆ ಮೂರರ ರುಚಿಯನ್ನು ಬಿಡುವುದಿಲ್ಲ. ನಾಲ್ಕರ ಮನೆಗಳಲ್ಲೇ ಮೂರನ್ನು ಎಣಿಸುವ ದಾರಿ ನಮ್ಮ ಲಯವಾದ್ಯದವರಿಗೆ ಹೊಸದೇನಲ್ಲ. 16 ಮನೆಗಳನ್ನು 3, 3, 3, 3, 2, 2 ಎಂದು ಒಡೆಯುವುದು. ಕೂಡಿಸಿ ನೋಡಿ, 16 ಆಗುತ್ತದೆ. ಕೆಳಗೆ ಡೋಲು ನಾಲ್ಕು ನಾಲ್ಕಕ್ಕೆ ನೇರ ನಡೆಯುತ್ತಿರುವಾಗ ಮೇಲೆ ತಾಸೆ ಮೂರು ಮೂರಕ್ಕೆ ಸರಿಯುತ್ತ ಹೋಗಿ, ಕೊನೆಯ ಎರಡೆರಡರಲ್ಲಿ ಸಾವರಿಸಿಕೊಂಡು ಮತ್ತೆ ಸಮಕ್ಕೆ ಬಂದು ಸೇರುತ್ತದೆ. ನನ್ನ ಮಟ್ಟಿಗೆ ಈ ಮಾದರಿಯ ಜೀವ ಇರುವುದು ಆ ಸರಿಯುವಿಕೆಯಲ್ಲಿ.

ಮೊದಲ ಆವರ್ತ ಹೀಗೆ. ಒಂದು ಸಾಲು ಒಂದು ವಾದ್ಯ. `x` ಇದ್ದಲ್ಲಿ ಪೆಟ್ಟು, ಗೆರೆ ಇದ್ದಲ್ಲಿ ಮೌನ. `BD` ಅಂದರೆ ಕಿಕ್, ನಮ್ಮ ಡೋಲಿನ ಜಾಗದ ತಗ್ಗಿನ ಪೆಟ್ಟು. `CP` ಚಪ್ಪಾಳೆ, `CH` ಮುಚ್ಚಿದ ಹೈಹ್ಯಾಟ್, `OH` ತೆರೆದ ಹೈಹ್ಯಾಟ್. ಈ ನಾಲ್ಕು ಹೆಸರು ಡ್ರಮ್ ಯಂತ್ರಗಳ ಮೇಲೆ ಇರುವಂಥವು. `TS` ನಾನು ತಾಸೆಗೆ ಇಟ್ಟುಕೊಂಡದ್ದು.

```
BD  x---x---x---x---
CP  ----x-------x---
CH  x--xx--xx--xx--x
OH  --x---x---x---x-
TS  x--x--x--x--x-x-
```

ಕಿಕ್ ಪ್ರತಿ ಬೀಟಿಗೂ ಇದೆ. ಹುಲಿಯ ಹೆಜ್ಜೆ ಬೀಳುವುದು ಅಲ್ಲಿ. ಚಪ್ಪಾಳೆ ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ. ತೆರೆದ ಹೈಹ್ಯಾಟ್ ಎರಡು ಹೆಜ್ಜೆಗಳ ನಟ್ಟನಡುವೆ ಬರುತ್ತದೆ, ಅಂದರೆ ಕಾಲು ಗಾಳಿಯಲ್ಲಿರುವ ಹೊತ್ತಿಗೆ. ನೃತ್ಯ ಸಂಗೀತಕ್ಕೆ ಏಳಿಸುವ ಗುಣ ಬರುವುದು ಬಹುಮಟ್ಟಿಗೆ ಈ ನಡುವಿನ ಪೆಟ್ಟಿನಿಂದಲೇ. ಅದನ್ನು ತೆಗೆದು ಕೇಳಿ: ಅದೇ ವೇಗ, ಅದೇ ಕಿಕ್, ಆದರೆ ಮೆರವಣಿಗೆ ಕವಾಯತಾಗುತ್ತದೆ. ತೆರೆದ ಹ್ಯಾಟಿನ ಮರುಮನೆಯಲ್ಲೇ ಮುಚ್ಚಿದ ಹ್ಯಾಟ್ ಇಟ್ಟಿರುವುದು ಗಮನಿಸಿ. ಅದು ಬಂದು ತೆರೆದದ್ದರ ಉಸಿರು ಕತ್ತರಿಸಬೇಕು. ಎರಡೂ ಒಂದೇ ‘ಚೋಕ್ ಗ್ರೂಪ್’ನಲ್ಲಿ ಇದ್ದರೆ ತಾನಾಗಿ ಕತ್ತರಿಸುತ್ತದೆ. ಇಲ್ಲದಿದ್ದರೆ ಝಯ್ ಎಂಬ ಸದ್ದು ಮುಂದಿನ ಬೀಟಿನ ಮೇಲೆ ಹರಡಿ ತಾಸೆಯ ಸಣ್ಣ ಪೆಟ್ಟುಗಳನ್ನು ನುಂಗುತ್ತದೆ.

ತಾಸೆಯ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಆರೂ ಪೆಟ್ಟು ಒಂದೇ ಬಲದಲ್ಲಿ ಇಟ್ಟರೆ ಆಮೇಲೆ ಏನು ಮಾಡಿದರೂ ಅದು ಯಂತ್ರವೇ. ಸಾಫ್ಟ್‌ವೇರಿನಲ್ಲಿ ಪೆಟ್ಟಿನ ಬಲ 1ರಿಂದ 127ರವರೆಗೆ, ವೆಲಾಸಿಟಿ ಎಂದು ಹೆಸರು. ಮೊದಲನೆಯ ಪೆಟ್ಟಿಗೆ 115 ಕೊಡಿ, ನಡುವಿನ ಮೂರಕ್ಕೆ 85ರಿಂದ 95, ಕೊನೆಯ ಎರಡೆರಡರ ಜೋಡಿಗೆ ಮತ್ತೆ 110ರ ಮೇಲೆ. ಕೊನೆಯ ಜೋಡಿ ಎದ್ದು ಕೇಳದಿದ್ದರೆ ಮೂರು ಮೂರಾಗಿ ಸರಿದದ್ದು ಮನೆಗೆ ಮರಳಿತು ಎಂದು ಕಿವಿಗೆ ಗೊತ್ತಾಗುವುದಿಲ್ಲ, ಕೇಳುಗನಿಗೆ ತಾಳ ತಪ್ಪಿದ ಹಾಗೆ ಅನಿಸುತ್ತದೆ.

ತಾಸೆಯ ಸದ್ದನ್ನು ಇಂಟರ್‌ನೆಟ್ಟಿನಿಂದ ಒಂದೇ ಒಂದು ಮಾದರಿ ಇಳಿಸಿಕೊಂಡು ಎಲ್ಲ ಕಡೆ ಅಂಟಿಸುವುದು ಬೇಡ. ತಂಡದ ತಾಸೆಯವರನ್ನೇ ಕೂರಿಸಿ ಬಲಗೈಯಲ್ಲಿ ಒಂದಷ್ಟು, ಎಡಗೈಯಲ್ಲಿ ಒಂದಷ್ಟು ಬಿಡಿ ಪೆಟ್ಟು ಹೊಡೆಸಿ ಹಿಡಿಯಿರಿ. ಎರಡು ಕೈಯ ಪೆಟ್ಟು ಎಂದಿಗೂ ಒಂದೇ ಸ್ವರದಲ್ಲಿ ಬರುವುದಿಲ್ಲ. ಒಂದಾದ ಮೇಲೆ ಒಂದರಂತೆ ಬದಲಾಯಿಸಿ ಇಟ್ಟರೆ ಹಾಳೆ ಮೇಲಿನ ಸಾಲಿಗೆ ಕೈ ಬಂದ ಹಾಗೆ ಆಗುತ್ತದೆ. ಚರ್ಮಕ್ಕೆ ಬಿಸಿ ತಾಗಿಸಿ ಬಿಗಿ ಮಾಡಿಕೊಂಡ ಮೇಲೆಯೇ ಮೈಕ್ ಹಿಡಿಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಮಳೆಗಾಲದ ಸಂಜೆ ಹಾಗೇ ಹಿಡಿದರೆ ತಾಸೆ ಬೊಬ್ಬಿಡುವ ಬದಲು ಗೊಣಗುತ್ತದೆ.

ಎರಡನೆಯ ಆವರ್ತಕ್ಕೆ ಒಂದೇ ಬದಲಾವಣೆ. ಕಿಕ್ ಸಾಲಿನ ಕೊನೆಯ, ಅಂದರೆ 16ನೆಯ ಮನೆಯಲ್ಲಿ 80ರ ಬಲದ ಒಂದು ಸಣ್ಣ ಪೆಟ್ಟು ಸೇರಿಸಿ.

```
BD  x---x---x---x--x
```

ಇದು ಮೂರನೆಯ ಆವರ್ತದ ಮೊದಲ ಹೆಜ್ಜೆಯನ್ನು ಹಿಂದಿನಿಂದ ತಳ್ಳುತ್ತದೆ. ಇಷ್ಟು ಸಣ್ಣದಕ್ಕೆ ಯಾಕೆ ಇಷ್ಟು ಮಾತು ಎಂದರೆ, ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲಿಯೇ. ಈ ಪೆಟ್ಟಿಗೂ ಮುಂದಿನ ದೊಡ್ಡ ಪೆಟ್ಟಿಗೂ ನಡುವೆ ಇರುವುದು 113 ಮಿಲಿಸೆಕೆಂಡು ಮಾತ್ರ. ಕಾರಿನ ಕಿಟಕಿ ಅದುರಿಸುವ 808ರ ಉದ್ದನೆಯ ‘ಧೂಂ’ ಇಟ್ಟುಕೊಂಡವರಿಗೆ ಒಂದರ ಬಾಲದ ಮೇಲೆ ಇನ್ನೊಂದು ಬಿದ್ದು ಎರಡೂ ಕೆಸರಾಗುತ್ತದೆ. ದೊಡ್ಡ ಸ್ಪೀಕರಿನಲ್ಲಿ ಅದು ಗುಡುಗಿನಂತೆ ಉರುಳುತ್ತದೆಯೇ ಹೊರತು ಪೆಟ್ಟಾಗಿ ಕೇಳುವುದಿಲ್ಲ. ಕಿಕ್ಕಿನ ‘ಡಿಕೇ’ ತಿರುಗಿಸಿ, ಸದ್ದು 100 ಮಿಲಿಸೆಕೆಂಡಿನೊಳಗೆ ಅಡಗುವಂತೆ ಮಾಡಿ. ಗಿಡ್ಡ ಕಿಕ್ ಮನೆಯ ಇಯರ್‌ಫೋನಿನಲ್ಲಿ ಬಡಕಲಾಗಿ ಕೇಳಿದರೂ ಬಯಲಲ್ಲಿ ಗೆಲ್ಲುವುದು ಅದೇ.

ಮೂರನೆಯ ಆವರ್ತ ಮೊದಲನೆಯದರದೇ ನಕಲು. ಅಲ್ಲಿ ಏನನ್ನೂ ಸೇರಿಸಬೇಡಿ. ಕೈ ತುರಿಸುತ್ತದೆ, ನನಗೆ ಗೊತ್ತು.

ಇನ್ನು ನಾಲ್ಕನೆಯದು. ಹಲವರು ಇಲ್ಲಿ ತಮಗೆ ಗೊತ್ತಿರುವುದನ್ನೆಲ್ಲ ಸುರಿಯುತ್ತಾರೆ: ಕಿಕ್ ಇಮ್ಮಡಿ, ಸ್ನೇರ್ ಉರುಳಿಕೆ, ಮೇಲಿಂದ ಸಿಂಬಲ್. ಪರಿಚಯದ ಒಬ್ಬ ಹುಡುಗ ಅಂಥದ್ದೊಂದನ್ನು ತಾಸೆಯವರಿಗೆ ಕೇಳಿಸಿದಾಗ ನಾನೂ ಅಲ್ಲಿದ್ದೆ. “ಅಣ್ಣ, ಹೇಗುಂಟು?” ಅಂದ. ಅವರು ಎರಡು ಸಲ ಕೇಳಿದರು. “ಪೆಟ್ಟೆಲ್ಲ ಸರಿ ಉಂಟು ಮಾರಾಯ. ಆದ್ರೆ ಇದ್ರಲ್ಲಿ ಹುಲಿ ಲಾಗ ಹಾಕುದೆಲ್ಲಿ?”

ಮಾತು ಅಷ್ಟೇ. ಅದರಲ್ಲಿ ನಾಲ್ಕನೆಯ ಆವರ್ತದ ಪೂರ್ತಿ ನಕ್ಷೆ ಇದೆ. ಲಾಗ ಹೊಡೆಯುವವನು ಗಾಳಿಯಲ್ಲಿ ಇರುವುದು ಅರ್ಧ ಸೆಕೆಂಡಿಗೂ ಮೇಲೆ. ನಮ್ಮ ಒಂದು ಬೀಟು 454 ಮಿಲಿಸೆಕೆಂಡು. ಅಂದರೆ ಬೀಟಿಗೊಂದು ಕಿಕ್ ಕುಟ್ಟುತ್ತಲೇ ಇದ್ದರೆ ಅವನು ಆಕಾಶದಲ್ಲಿರುವಾಗಲೇ ನೆಲದ ಪೆಟ್ಟು ಒಂದು ಬಿದ್ದುಬಿಡುತ್ತದೆ. ನೋಡುವವರ ಕಣ್ಣಿಗೂ ಕಿವಿಗೂ ತಾಳೆಯಾಗುವುದಿಲ್ಲ. ಲಾಗ ಚೆನ್ನಾಗಿದ್ದರೂ ತಪ್ಪಿತು ಅನಿಸುತ್ತದೆ. ಅದಕ್ಕೆ ಆವರ್ತದ ಎರಡನೆಯ ಅರ್ಧದಲ್ಲಿ ಕಿಕ್ಕನ್ನೇ ತೆಗೆದುಬಿಡಬೇಕು. ಎರಡು ಬೀಟು ಖಾಲಿಯಾದರೆ ಸಿಗುವುದು 909 ಮಿಲಿಸೆಕೆಂಡು. ಬಗ್ಗಿ, ಒದ್ದು, ತಿರುಗಿ, ಇಳಿಯಲಿಕ್ಕೆ ಅಷ್ಟು ಸಾಕು. ಇಳಿದ ಕ್ಷಣಕ್ಕೆ ಮುಂದಿನ ಸುತ್ತಿನ ಮೊದಲ ಕಿಕ್.

```
BD  x---x-----------
CP  ----x-----------
CH  x--xx--x--------
OH  --x---x---------
TS  x--x--x-xxxxxxx-
```

ಖಾಲಿ ಜಾಗದಲ್ಲಿ ತಾಸೆ ಒಂದೇ. 9ನೆಯ ಮನೆಯಿಂದ 15ರವರೆಗೆ ಏಳು ಪೆಟ್ಟಿನ ಉರುಳಿಕೆ, ಬಲ 60ರಿಂದ ಶುರುವಾಗಿ 120ಕ್ಕೆ ಏರುತ್ತ ಹೋಗಬೇಕು. 16ನೆಯ ಮನೆ ಪೂರ್ತಿ ಮೌನ. ಆ ಒಂದು ಮನೆ ಇಲ್ಲದಿದ್ದರೆ ಉರುಳಿಕೆ ಕಿಕ್ಕಿಗೆ ಅಂಟಿಕೊಂಡು, ಮೊದಲ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಯಕ್ಷಗಾನದ ಚೆಂಡೆಯನ್ನು ಹತ್ತಿರದಿಂದ ಕೇಳಿದವರಿಗೆ ಮುಕ್ತಾಯಕ್ಕೆ ಮುಂಚಿನ ಆ ಕೂದಲೆಳೆಯ ನಿಲುಗಡೆ ಗೊತ್ತಿರುತ್ತದೆ. ಇಲ್ಲಿ ಬೇಕಾದದ್ದೂ ಅದೇ.

ಉರುಳಿಕೆ ಇನ್ನೂ ದಟ್ಟ ಇರಲಿ ಎಂದು ಮನೆಗೆ ಎರಡು ಪೆಟ್ಟು ತುಂಬಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಮನೆಗೊಂದರಂತೆ ಹೋದರೆ ಸೆಕೆಂಡಿಗೆ 8.8 ಪೆಟ್ಟು, ಒಂದು ಕೈಗೆ ನಾಲ್ಕೂವರೆಯ ಹತ್ತಿರ, ಕೈಯಲ್ಲಿ ಆಗುವಂಥದ್ದೇ. ಇಮ್ಮಡಿ ಮಾಡಿದರೆ ಸೆಕೆಂಡಿಗೆ 17ಕ್ಕೂ ಹೆಚ್ಚು. ಅದನ್ನು ಕೋಲು ಪುಟಿಸಿ ಮಾತ್ರ ಮಾಡಬಹುದು, ಆಗ ಪ್ರತಿ ಪೆಟ್ಟಿನ ಬಲ ತಾನಾಗಿ ಇಳಿಯುತ್ತದೆ. ಸಾಫ್ಟ್‌ವೇರಿನಲ್ಲಿ 17 ಪೆಟ್ಟಿಗೂ ಪೂರ್ಣ ಬಲ ಕೊಟ್ಟರೆ ಕೇಳುವುದು ತಾಸೆಯಲ್ಲ, ಡ್ರಿಲ್ಲಿಂಗ್ ಮೆಷಿನ್. ದಟ್ಟಣೆ ಬೇಕೇ ಬೇಕೆಂದರೆ ಕೊನೆಯ ಎರಡು ಮನೆಗಳಿಗೆ ಮಾತ್ರ ಮಾಡಿ, ಎರಡನೆಯ ಪೆಟ್ಟುಗಳ ಬಲ ಅರ್ಧಕ್ಕೆ ಇಳಿಸಿ.

ಅಲ್ಲಿಗೆ ನಾಲ್ಕು ಆವರ್ತ ಆಯಿತು. ಪೂರ್ತಿ ಒಂದು ಸುತ್ತು 7.27 ಸೆಕೆಂಡು. ಸಿಂಬಲ್ ಬೇಕಾದರೆ ಪ್ರತಿ ಸುತ್ತಿಗೂ ಬೇಡ, ನಾಲ್ಕು ಸುತ್ತಿಗೊಮ್ಮೆ ಮೊದಲ ಕಿಕ್ಕಿನ ಜೊತೆಗೆ ಸಾಕು; ಅಂದರೆ ಸುಮಾರು 29 ಸೆಕೆಂಡಿಗೊಮ್ಮೆ. ಲಾಗವೂ ಪ್ರತಿ ಸುತ್ತಿಗೆ ಬೀಳುವುದಿಲ್ಲವಷ್ಟೆ. ಲಾಗ ಇಲ್ಲದ ಸುತ್ತುಗಳಲ್ಲಿ ಆ ಖಾಲಿ ಜಾಗದಲ್ಲಿ ಹುಲಿ ಬೆನ್ನು ಬಗ್ಗಿಸಿ ಮುಖ ತಿರುಗಿಸುತ್ತದೆ, ಮರಿಹುಲಿಯನ್ನು ಮುಂದೆ ಬಿಡುತ್ತದೆ, ಏನಾದರೂ ಒಂದು ಮಾಡುತ್ತದೆ. ಕಲಾವಿದನಿಗೆ ಜಾಗ ಕೊಟ್ಟರೆ ಅವನು ತುಂಬಿಕೊಳ್ಳುತ್ತಾನೆ, ಅದನ್ನು ಟ್ರ್ಯಾಕ್ ಮಾಡುವವನು ಯೋಚಿಸಬೇಕಾಗಿಲ್ಲ.

ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಮೊದಲು ಮೊಬೈಲ್ ಸ್ಪೀಕರಿನಲ್ಲಿ ಹಾಕಿ. ಅಷ್ಟು ಸಣ್ಣ ಸ್ಪೀಕರಿಗೆ ತಗ್ಗಿನ ಸದ್ದು ಹೊರಡಿಸಲಿಕ್ಕೆ ಆಗುವುದಿಲ್ಲ, ಹಾಗಾಗಿ ಕಿಕ್ ಮಾಯವಾಗುತ್ತದೆ. ಮಾಯವಾದರೆ ಕಿಕ್ಕಿನ ತುದಿಗೆ ‘ಟಕ್’ ಎಂಬ ಸಣ್ಣ ಮೊನೆ ಸೇರಿಸಬೇಕು. ಜನಜಂಗುಳಿಯ ಗದ್ದಲದ ನಡುವೆ ಹೆಜ್ಜೆಗೆ ದಾರಿ ತೋರಿಸುವುದು ಆ ಟಕ್ಕೇ, ಕೆಳಗಿನ ಧೂಂ ಅಲ್ಲ. ಆಮೇಲೆ ಐದು ನಿಮಿಷ ಬಿಡದೆ ತಿರುಗಿಸಿ; 40 ಸುತ್ತಿನ ಮೇಲೆ ಬರುತ್ತದೆ. ಯಾವುದಾದರೂ ಒಂದು ಸದ್ದು ಕಿವಿ ಚುಚ್ಚಲು ಶುರುವಾದರೆ ಹೆಚ್ಚಾಗಿ ಅದು ಹೈಹ್ಯಾಟ್. ಅದರ ಬಲವನ್ನು ಮನೆಯಿಂದ ಮನೆಗೆ ಏರಿಳಿಸಿ, 50, 70, 55 ಎಂಬಂತೆ. ಕೊನೆಗೆ ಕುಣಿಯುವವನನ್ನು ನಿಲ್ಲಿಸಿ, ಟ್ರ್ಯಾಕಿನ ಬಗ್ಗೆ ಒಂದು ಮಾತೂ ಹೇಳದೆ ಅವನ ಕಾಲು ನೋಡಿ. ನಾಲ್ಕನೆಯ ಆವರ್ತ ಮುಗಿದು ಮೊದಲ ಕಿಕ್ ಬಿದ್ದಾಗ ಮೂರನೆಯ ಸುತ್ತಿನೊಳಗೆ ಅವನ ಕಾಲು ತಾನಾಗಿ ಅಲ್ಲಿಗೆ ಬೀಳಬೇಕು. ಬೀಳದಿದ್ದರೆ ತಪ್ಪು ಅವನದಲ್ಲ, ನಿಮ್ಮ ಉರುಳಿಕೆಯದು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಹೇಳುತ್ತಿಲ್ಲ, ಬಲದ ಏರಿಕೆ ಸಾಲದು.

ಈ ಪರೀಕ್ಷೆಯನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಮಾಡಬಹುದು, ತೊಂದರೆ ಇಲ್ಲ. ಆದರೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಪ್ಯಾಡ್ ಬಡಿದು ಪೆಟ್ಟು ದಾಖಲಿಸಬೇಡಿ. ಸದ್ದು ಕಿವಿಗೆ ಬರುವಾಗ 100 ಮಿಲಿಸೆಕೆಂಡಿಗೂ ಮಿಕ್ಕಿ ತಡವಾಗಿರುತ್ತದೆ, ಒಂದು ಮನೆಯಷ್ಟೇ ಹೆಚ್ಚುಕಡಿಮೆ. ವಯರಿನದ್ದು ಬಳಸಿ.

ಫೈಲು ಉಳಿಸುವಲ್ಲಿಯೂ ಒಂದು ಕಿತಾಪತಿ ಇದೆ. ನಾಲ್ಕು ಆವರ್ತವನ್ನು ಎಂಪಿ3 ಮಾಡಿ, ಅದನ್ನು ಮತ್ತೆ ಮತ್ತೆ ತಿರುಗುವಂತೆ ಬಿಟ್ಟರೆ ಪ್ರತಿ ಸುತ್ತಿನ ಸಂದಿಯಲ್ಲಿ ಸಣ್ಣ ತೊಡರು ಕೇಳಬಹುದು. ಎಂಪಿ3 ಮಾಡುವಾಗ ಆರಂಭ ಮತ್ತು ಕೊನೆಗೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಎಲ್ಲ ಪ್ಲೇಯರುಗಳೂ ಅದನ್ನು ಕಳೆದು ನುಡಿಸುವುದಿಲ್ಲ. ಕೂತು ಕೇಳುವವರಿಗೆ ಅದು ಗೊತ್ತಾಗದೆ ಹೋಗಬಹುದು, ಕುಣಿಯುವ ಕಾಲಿಗೆ ಗೊತ್ತಾಗುತ್ತದೆ. `.wav` ಆಗಿ ಉಳಿಸಿ, ಇಲ್ಲವೇ ಬೇಕಾದಷ್ಟು ಸುತ್ತುಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಉದ್ದನೆಯ ಫೈಲು ಮಾಡಿ.

ಇಷ್ಟೆಲ್ಲ ಮಾಡಿ ಬಯಲಿಗೆ ಬಂದಾಗ ಎದುರಾಗುವುದು ನಿಜವಾದ ತಾಸೆ. ವಿಟ್ಲಪಿಂಡಿಯ ದಿನ ಉಡುಪಿ ರಥಬೀದಿಯಲ್ಲಿ ಸ್ಪೀಕರು ಒಂದು ಕಡೆ, ತಾಸೆ ಡೋಲು ಹುಲಿಯ ಪಕ್ಕದಲ್ಲಿ ಎಂದು ಊಹಿಸಿಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಸ್ಪೀಕರು 40 ಮೀಟರ್ ದೂರ ಇದ್ದರೆ ಅದರ ಕಿಕ್ ಹುಲಿಯ ಕಿವಿಗೆ ಬರುವಾಗ ಒಂದು ಪೂರ್ತಿ ಮನೆ ಹಿಂದೆ ಬಿದ್ದಿರುತ್ತದೆ. ತಾಸೆಯವರಿಗೂ ಹಾಗೇ ಕೇಳುವುದರಿಂದ ಅವರು ಅದಕ್ಕೇ ಹೊಂದಿಸಿಕೊಂಡು ಹೊಡೆಯುತ್ತಾರೆ, ಹುಲಿಗೆ ಸಮಸ್ಯೆ ಇಲ್ಲ. ಆದರೆ ಸ್ಪೀಕರಿನ ಬುಡದಲ್ಲಿ ನಿಂತವರಿಗೆ ಅದೇ ತಾಸೆ ಬಂದು ಮುಟ್ಟುವಾಗ ಎರಡು ಮನೆ ತಡ. ಅಲ್ಲಿ ನಿಂತು ವಿಡಿಯೋ ಮಾಡಿದವರು ಆಮೇಲೆ ತಾಸೆಯವರಿಗೆ ತಾಳವೇ ಇರಲಿಲ್ಲ ಎನ್ನುತ್ತಾರೆ. ತಾಳ ಇತ್ತು, ದೂರವೂ ಇತ್ತು. ಸ್ಪೀಕರನ್ನು ತಾಸೆಯ ಪಕ್ಕಕ್ಕೆ ತರುವುದೊಂದೇ ಇದಕ್ಕೆ ದಾರಿ. ಲ್ಯಾಪ್‌ಟಾಪಿನಲ್ಲಿ ಕೂತು ತಿದ್ದಿ ಪ್ರಯೋಜನವಿಲ್ಲ.

ಇನ್ನೊಂದು ತೊಂದರೆ ದೂರದ್ದಲ್ಲ, ಉತ್ಸಾಹದ್ದು. ಕುಣಿತ ಬಿಸಿಯೇರಿದ ಹಾಗೆ ಕೈಯ ವೇಗ ಏರುತ್ತದೆ. 15 ಸೆಕೆಂಡಿಗೆ 33 ಇದ್ದದ್ದು 35 ಆದರೆ 132 ಹೋಗಿ 140 ಆಯಿತು. ಯಂತ್ರ ಮಾತ್ರ 132ರಲ್ಲೇ ಕೂತಿರುತ್ತದೆ. ಕಲಾವಿದರೇ ಯಂತ್ರಕ್ಕೆ ಬಗ್ಗಲಿ, ಕಿವಿಗೆ ಕ್ಲಿಕ್ ಹಾಕಿಕೊಂಡು ಬಾರಿಸಲಿ ಎನ್ನುವವರಿದ್ದಾರೆ. ವೇದಿಕೆಯ ಐದು ನಿಮಿಷದ ಸ್ಪರ್ಧೆಗೆ ಅದು ನಡೆಯಬಹುದು. ಬೀದಿಯಲ್ಲಿ ಮನೆ ಮನೆ, ಅಂಗಡಿ ಅಂಗಡಿ ಸುತ್ತುವ ತಂಡಕ್ಕೆ ನಾನದನ್ನು ಒಪ್ಪುವುದಿಲ್ಲ. ಏರುವ ವೇಗವೇ ಆ ಕುಣಿತದ ಒಂದು ಭಾಗ. ಮಾದರಿಯನ್ನು ಸಿದ್ಧ ಆಡಿಯೋ ಆಗಿ ಕೊಂಡೊಯ್ಯದೆ ಮಿಡಿ ರೂಪದಲ್ಲೇ, ಅಂದರೆ ಮನೆಗಳ ನಕ್ಷೆಯಾಗಿಯೇ, ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೆ ವೇಗದ ಸಂಖ್ಯೆ ಬದಲಾಯಿಸಿದ ಕೂಡಲೇ ಪೆಟ್ಟುಗಳು ಹತ್ತಿರ ಬರುತ್ತವೆ, ಸದ್ದು ಕೆಡುವುದಿಲ್ಲ. ಆಡಿಯೋವನ್ನು ಎಳೆದು ಕುಗ್ಗಿಸಿದರೆ ಮೊದಲು ಹಾಳಾಗುವುದು ತಾಸೆಯ ಮೊನೆ. ಮಿಡಿ ಇದ್ದಾಗ ಒಬ್ಬ ಹುಡುಗ `TAP` ಗುಂಡಿಯ ಮೇಲೆ ಬೆರಳಿಟ್ಟು ಹುಲಿಯ ಕಾಲು ನೋಡುತ್ತ ನಿಂತರಾಯಿತು. ವೇಗ ಬದಲಾಯಿಸುವುದಿದ್ದರೆ ನಾಲ್ಕನೆಯ ಆವರ್ತದ ಆ ಖಾಲಿ ಅರ್ಧದಲ್ಲಿ ಬದಲಾಯಿಸಲಿ. ಕಿಕ್ ಇಲ್ಲದ ಹೊತ್ತಿನಲ್ಲಿ ವೇಗ ಜಾರಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಆ ಹೊತ್ತಿಗೆ ಟ್ರ್ಯಾಕಿನ ತಾಸೆಯ ಸಾಲನ್ನು ಬಂದ್ ಮಾಡಿ, ಉರುಳಿಕೆಯನ್ನು ಬೀದಿಯ ತಾಸೆಯವರಿಗೇ ಬಿಟ್ಟುಕೊಡಬೇಕು.